ಸ್ಥಳ ಪರಿಶೀಲನೆ ಆಯ್ತು, ಕರೆಂಟ್ ಇನ್ನೂ ಬಂದಿಲ್ಲ: ಈ ಪತ್ರ ಕೊಟ್ಟರೆ ಕೆಲಸ ಆಗುತ್ತಾ?

ಹೊಸಮನೆ_ಶಶಿ

ಎಲ್ಲರಿಗೂ ನಮಸ್ಕಾರ. ಪಂಚಾಯಿತಿ ವ್ಯಾಪ್ತಿಯಲ್ಲಿ ಅಪ್ಪನ ಹೆಸರಲ್ಲಿ ಮನೆ ಕಟ್ಟಿಸಿದ್ದೇವೆ. ಸಿಂಗಲ್ ಫೇಸ್, 3 ಕಿಲೋವ್ಯಾಟ್ ಕೇಳಿದ್ದೇವೆ. ಜನವರಿ 8ಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದ್ದು, ಅವತ್ತೇ ನೋಂದಣಿ ಸಂಖ್ಯೆ ಬಂತು. ಜನವರಿ 19ಕ್ಕೆ ಶಾಖಾ ಕಚೇರಿಯ ಜೂನಿಯರ್ ಇಂಜಿನಿಯರ್, ಅಂದರೆ ಜೆಇ ಬಂದರು. ಕಂಬದಿಂದ ಮೀಟರ್ ಬೋರ್ಡ್ ತನಕ ಟೇಪ್ ಹಿಡಿಸಿ ಅಳೆದರು, ಅರ್ಥಿಂಗ್ ಗುಂಡಿ ನೋಡಿದರು, ಡೈರಿಯಲ್ಲಿ ಏನೋ ಗೀಚಿಕೊಂಡು "ಆಗುತ್ತೆ ಬಿಡಿ" ಅಂತ ಹೇಳಿ ಹೋದರು.

ಈಗ ಮಾರ್ಚ್ ಮುಗಿಯುತ್ತಾ ಬಂತು. ಆನ್‌ಲೈನ್‌ನಲ್ಲಿ ನೋಡಿದರೆ ಇನ್ನೂ "ಸ್ಥಳ ಪರಿಶೀಲನೆ" ಅಂತಲೇ ಇದೆ. ಶಾಖಾ ಕಚೇರಿಗೆ ಹೋದರೆ ಉಪವಿಭಾಗದಲ್ಲಿ ಕೇಳಿ ಅಂತಾರೆ. ಉಪವಿಭಾಗದಲ್ಲಿ ಕೇಳಿದರೆ ಶಾಖೆಯಿಂದ ಫೈಲ್ ಬಂದಿಲ್ಲ ಅಂತಾರೆ. ಅದಕ್ಕೆ ಪತ್ರ ಕೊಡೋಣ ಅಂತ ಹೀಗೆ ಬರೆದಿದ್ದೇನೆ:

"ಮಾನ್ಯರೇ, ತಮ್ಮ ಸಿಬ್ಬಂದಿಯ ಬೇಜವಾಬ್ದಾರಿಯಿಂದ ನಮ್ಮ ಕುಟುಂಬ ಕತ್ತಲಲ್ಲಿ ಬದುಕುವಂತಾಗಿದೆ. ಬೇರೆ ಏನನ್ನೋ ನಿರೀಕ್ಷಿಸಿ ಕಡತ ತಡೆಹಿಡಿದಿರುವಂತೆ ಕಾಣುತ್ತದೆ. ಏಳು ದಿನದೊಳಗೆ ಸಂಪರ್ಕ ನೀಡದಿದ್ದರೆ ಕಾನೂನಿನ ಪ್ರಕಾರ ದಿನಕ್ಕೆ 1000 ರೂಪಾಯಿಯಂತೆ ತಮ್ಮಿಂದ ವಸೂಲಿ ಮಾಡುತ್ತೇವೆ. ಪ್ರತಿಯನ್ನು ಮುಖ್ಯಮಂತ್ರಿ ಮತ್ತು ಇಂಧನ ಸಚಿವರಿಗೆ ಕಳುಹಿಸಲಾಗಿದೆ."

ಹೇಗಿದೆ? ಇನ್ನೂ ಖಾರ ಬೇಕಾ?

ಬಿಸಿ_ಮಾತು

ಚೆನ್ನಾಗಿದೆ ಗುರು. ಹೀಗೇ ಕೊಡಿ. ಸುಮ್ನೆ ಬೇಡಿಕೊಂಡರೆ ಯಾರೂ ತಿರುಗಿ ನೋಡಲ್ಲ.

ಪದ್ಮಕ್ಕ

ಬೇಡಪ್ಪಾ ಶಶಿ. ನಾಳೆ ಮೀಟರ್ ಹಾಕೋಕೆ ಬರೋರೂ ಅವರೇ, ಮಳೆಗಾಲದಲ್ಲಿ ವೈರ್ ಬಿದ್ದರೆ ಕರೆಯೋದೂ ಅವರನ್ನೇ. ಲಂಚದ ಮಾತು ತೆಗೆದುಹಾಕು. ಸಾಕ್ಷಿ ಇದ್ದರೆ ಅದನ್ನು ಹೇಳೋ ಜಾಗ ಬೇರೆ.

ಲೈನ್_ಕ್ಲಿಯರ್

ನಾನು ಒಂದು ವಿದ್ಯುತ್ ಕಂಪನಿಯಲ್ಲಿ ಎಇ ಆಗಿದ್ದು ನಿವೃತ್ತನಾದವನು. ಇಂಥ ಪತ್ರ ನೂರಾರು ನೋಡಿದ್ದೇನೆ. ಒಳಗೆ ಏನಾಗುತ್ತೆ ಗೊತ್ತಾ? ಉಪವಿಭಾಗದ ಮುಖ್ಯಸ್ಥರಾದ ಎಇಇ ಅವರ ಟಪಾಲಿನಲ್ಲಿ ಬರುತ್ತೆ, ಮೂಲೆಯಲ್ಲಿ "ಜೆಇ, ಪರಿಶೀಲಿಸಿ ವರದಿ ಕೊಡಿ" ಅಂತ ಬರೆದು ಕೆಳಗೆ ಕಳಿಸುತ್ತಾರೆ. ಜೆಇ "ಪರಿಶೀಲನೆಯಲ್ಲಿದೆ" ಅಂತ ಬರೆದು ಮೇಲೆ ಕಳಿಸುತ್ತಾರೆ. ಮುಗೀತು. ನಿಮ್ಮ ಪತ್ರದಲ್ಲಿ ಉತ್ತರ ಕೊಡಲೇಬೇಕಾದ ಪ್ರಶ್ನೆ ಒಂದೂ ಇಲ್ಲ. ಅದೇ ತೊಂದರೆ, ಖಾರ ಅಲ್ಲ.

ಮೊದಲು ಎರಡು ವಿಷಯ ಹೇಳಿ. ಒಂದು, ಟೇಪ್ ಹಿಡಿದಾಗ ಎಷ್ಟು ಮೀಟರ್ ಬಂತು? ಎರಡು, ಠೇವಣಿ ಮತ್ತು ಸಂಪರ್ಕ ಶುಲ್ಕ ಕಟ್ಟಿದ್ದೀರಾ?

ಹೊಸಮನೆ_ಶಶಿ

ಟೇಪಿನ ಇನ್ನೊಂದು ತುದಿ ಹಿಡಿದಿದ್ದೇ ನಾನು ಸರ್. 38 ಮೀಟರ್ ಬಂತು. ಅರ್ಜಿ ಶುಲ್ಕ ಮಾತ್ರ ಕಟ್ಟಿದ್ದೇವೆ. ಠೇವಣಿ ಕಟ್ಟಿ ಅಂತ ಯಾರೂ ಹೇಳಿಲ್ಲ. ಎಷ್ಟು ಅಂತಲೂ ಹೇಳಿಲ್ಲ.

ಕಾನೂನು_ಕಟ್ಟೆ

ಇದರಲ್ಲಿ ಚರ್ಚೆಗೆ ಏನೂ ಇಲ್ಲ. 2003ರ ವಿದ್ಯುತ್ ಕಾಯ್ದೆ, ಕಲಂ 43. ಅರ್ಜಿ ಹಾಕಿದ ಒಂದು ತಿಂಗಳೊಳಗೆ ಸಂಪರ್ಕ ಕೊಡಬೇಕು. ಕೊಡದಿದ್ದರೆ ದಿನಕ್ಕೆ 1000 ರೂ. ನಿಮಗೆ ಸಿಗುತ್ತೆ. ಫೆಬ್ರವರಿ 8ರಿಂದ ಲೆಕ್ಕ ಹಾಕಿಕೊಳ್ಳಿ.

ಲೈನ್_ಕ್ಲಿಯರ್

ಅರ್ಧ ಸರಿ. ಅದೇ ಕಲಮಿನ ವಿವರಣೆ ಓದಿ. ಅರ್ಜಿ ಅಂದರೆ ಎಲ್ಲ ರೀತಿಯಲ್ಲೂ ಪೂರ್ಣವಾದ ಅರ್ಜಿ, ಕಟ್ಟಬೇಕಾದ ಹಣ ಕಟ್ಟಿದ ದಾಖಲೆಯೂ ಜೊತೆಗಿರಬೇಕು ಅಂತ ಅಲ್ಲೇ ಇದೆ. ಕಚೇರಿ ಹಿಡಿದುಕೊಳ್ಳೋದು ಇದನ್ನೇ. "ಠೇವಣಿ ಕಟ್ಟಿಲ್ಲ, ಹಾಗಾಗಿ ಗಡುವು ಶುರುವೇ ಆಗಿಲ್ಲ" ಅಂತಾರೆ.

ಆ 1000 ರೂಪಾಯಿ ಗ್ರಾಹಕರ ಜೇಬಿಗೆ ಬರುವ ಹಣವೂ ಅಲ್ಲ. ಅದು ದಂಡ, ದಿನಕ್ಕೆ 1000 ರೂಪಾಯಿವರೆಗೆ ಹಾಕಬಹುದು ಅಂತ ಅಷ್ಟೇ ಇದೆ. ಗ್ರಾಹಕನಿಗೆ ಸಿಗುವ ಪರಿಹಾರ ಬೇರೆ, ಅದು ಕಲಂ 57ರ ಅಡಿ ವಿದ್ಯುತ್ ನಿಯಂತ್ರಣ ಆಯೋಗ ನಿಗದಿ ಮಾಡಿದ ಸೇವಾ ಮಾನದಂಡದ ಪ್ರಕಾರ. ಪತ್ರದಲ್ಲಿ "ವಸೂಲಿ ಮಾಡುತ್ತೇವೆ" ಅಂತ ಬರೆದರೆ ಇವರಿಗೆ ಕಾನೂನು ಗೊತ್ತಿಲ್ಲ ಅಂತ ಒಂದೇ ಸಾಲಿನಲ್ಲಿ ತಿಳಿದುಹೋಗುತ್ತೆ.

ಕಾನೂನು_ಕಟ್ಟೆ

ಸರಿ, ಒಪ್ಪಿದೆ. ಆದರೆ ಎಷ್ಟು ಕಟ್ಟಬೇಕು ಅಂತ ಹೇಳದೆ, ಕಟ್ಟಿಲ್ಲ ಅನ್ನೋದು ಯಾವ ನ್ಯಾಯ? ತಡ ಆಗಿದ್ದು ಅವರಿಂದ ತಾನೆ?

ಲೈನ್_ಕ್ಲಿಯರ್

ಅದೇ ನಿಮ್ಮ ಗಟ್ಟಿ ವಾದ. ಪತ್ರದ ಮಧ್ಯೆ ಇರಬೇಕಾದ್ದು ಅದು. ಈಗ "ಸಂಪರ್ಕ ಕೊಡಿ" ಅಂತ ಕೇಳಬೇಡಿ. "ಎಷ್ಟು ಕಟ್ಟಬೇಕು ಅಂತ ಬರೆದು ಕೊಡಿ, ಕಟ್ಟುತ್ತೇವೆ" ಅಂತ ಕೇಳಿ. ಆಗ ಚೆಂಡು ಅವರ ಅಂಗಳದಲ್ಲಿ.

ಡೆಲ್ಟಾ_ಸ್ಟಾರ್

ನಮ್ಮಲ್ಲೂ ಇದೇ ಗೋಳು. ಸಂಜೆ ಆದರೆ ವೋಲ್ಟೇಜ್ ಬಿದ್ದುಹೋಗುತ್ತೆ, ಮಿಕ್ಸಿ ತಿರುಗಲ್ಲ. 1912ಕ್ಕೆ ಕರೆ ಮಾಡಿ ದೂರು ಕೊಡಿ, ದೂರಿನ ನಂಬರ್ ಕೊಡ್ತಾರೆ. ನಮಗೆ ಲೈನ್‌ಮನ್ ಬಂದು ಜಂಪರ್ ಸರಿ ಮಾಡಿದರು.

ಪದ್ಮಕ್ಕ

ಅವರಿಗೆ ಇನ್ನೂ ಕರೆಂಟೇ ಬಂದಿಲ್ಲ, ವೋಲ್ಟೇಜ್ ಎಲ್ಲಿಂದ ಬೀಳುತ್ತೆ?

ಡೆಲ್ಟಾ_ಸ್ಟಾರ್

ಓ. ಅರ್ಧ ಓದಿ ಬರೆದೆ 😀 ಆದರೂ 1912ರಲ್ಲಿ ಹೊಸ ಸಂಪರ್ಕದ ದೂರೂ ತಗೋತಾರೆ. ನಂಬರ್ ಇದ್ದರೆ ಪತ್ರದಲ್ಲಿ ಹಾಕೋಕೆ ಆಗುತ್ತೆ ಅಲ್ವಾ?

ಲೈನ್_ಕ್ಲಿಯರ್

ಆಗುತ್ತೆ, ಮಾಡಿ. ಕರೆಯ ನಂಬರ್ ದಿನಾಂಕಕ್ಕೆ ಸಾಕ್ಷಿ ಆಗುತ್ತೆ.

ಈಗ 38 ಮೀಟರ್ ವಿಷಯಕ್ಕೆ ಬರೋಣ. ನನ್ನ ಊಹೆ ಪ್ರಕಾರ ನಿಮ್ಮ ಫೈಲ್ ನಿಂತಿರೋದು ಇಲ್ಲೇ. ಸರ್ವಿಸ್ ವೈರ್ ಒಂದೇ ಎಳೆತದಲ್ಲಿ ಸಾಮಾನ್ಯವಾಗಿ 30 ಮೀಟರ್ ತನಕ ಬಿಡುತ್ತಾರೆ. ಅದಕ್ಕಿಂತ ಜಾಸ್ತಿ ಆದರೆ ವೈರ್ ಜೋತುಬೀಳುತ್ತೆ, ಕೆಳಗೆ ಗಾಡಿ ಓಡಾಡಿದರೆ ಅಪಾಯ. ಹಾಗಾಗಿ ನಡುವೆ ಒಂದು ಕಂಬ ಕೇಳುತ್ತಾರೆ. ಕಂಬ ಬೇಕು ಅಂದ ಕೂಡಲೆ ಕೆಲಸದ ಸ್ವರೂಪವೇ ಬದಲಾಗುತ್ತೆ. ಮೀಟರ್ ಹಾಕಿ ವೈರ್ ಎಳೆಯೋದಾದರೆ ಶಾಖೆಯಲ್ಲೇ ಮುಗಿಯುತ್ತೆ. ಕಂಬ ಅಂದರೆ ಎಸ್ಟಿಮೇಟ್ ಮಾಡಬೇಕು, ಮಂಜೂರಾತಿ ಆಗಬೇಕು, ಕಂಬ ಸ್ಟೋರ್‌ನಿಂದ ಬರಬೇಕು. ಜೆಇ ಎಸ್ಟಿಮೇಟ್ ಹಾಕೋದನ್ನ ಮುಂದೂಡಿರಬಹುದು, ಇಲ್ಲಾ ಹಾಕಿದ್ದು ಮೇಲೆ ಮಂಜೂರಾಗದೆ ಕೂತಿರಬಹುದು. ಆನ್‌ಲೈನ್ ಸ್ಟೇಟಸ್ ಎರಡಕ್ಕೂ "ಸ್ಥಳ ಪರಿಶೀಲನೆ" ಅಂತಲೇ ತೋರಿಸುತ್ತೆ.

ಹೊಸಮನೆ_ಶಶಿ

ಅಂದರೆ ಕಂಬದ ವಿಷಯ ನಮಗೆ ಹೇಳೇ ಇಲ್ಲ! "ಆಗುತ್ತೆ ಬಿಡಿ" ಅಂದರಷ್ಟೆ.

ಬಿಸಿ_ಮಾತು

ಅದಕ್ಕೇ ಹೇಳಿದ್ದು, ಖಾರವಾಗಿ ಬರೀರಿ ಅಂತ.

ಸಿಮೆಂಟು_ಮರಳು

ನಾನು ಕಟ್ಟಡದ ಕೆಲಸ ಮಾಡಿಸುವವನು. ಇನ್ನೊಂದು ಕಾರಣವೂ ಇರಬಹುದು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿದೆ. ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಅಥವಾ ವಾಸಯೋಗ್ಯ ಪ್ರಮಾಣಪತ್ರ ಇಲ್ಲದೆ ನೀರು, ವಿದ್ಯುತ್ ಸಂಪರ್ಕ ಕೊಡಬೇಡಿ ಅಂತ ಅದರಲ್ಲಿದೆ. ಅದಾದ ಮೇಲೆ ನಮ್ಮ ಕಡೆ ಎಷ್ಟೋ ಮನೆಗಳ ಅರ್ಜಿ ನಿಂತವು. ಚಿಕ್ಕ ಮನೆಗಳಿಗೆ ವಿನಾಯಿತಿ ಮಾತೂ ಬಂತು. ಶಶಿ ಅವರೇ, ನಿಮ್ಮ ಹತ್ತಿರ ಪಂಚಾಯಿತಿ ಪರವಾನಗಿ ಇದೆಯಾ?

ಹೊಸಮನೆ_ಶಶಿ

ಕಟ್ಟಡ ಪರವಾನಗಿ ಇದೆ, ಇ-ಸ್ವತ್ತು ಇದೆ. ಅರ್ಜಿ ಜೊತೆ ಎರಡೂ ಅಪ್‌ಲೋಡ್ ಮಾಡಿದ್ದೇವೆ. ವಾಸಯೋಗ್ಯ ಪ್ರಮಾಣಪತ್ರ ಯಾರೂ ಕೇಳಿಲ್ಲ.

ಸಿಮೆಂಟು_ಮರಳು

ಕೇಳಿಲ್ಲ ಅಂದರೆ ಬೇಡ ಅಂತ ಅರ್ಥ ಅಲ್ಲ. ಕೊನೆಗೆ ಮೀಟರ್ ಹಾಕೋ ದಿನ ಕೇಳಿದ್ದೂ ಉಂಟು.

ಲೈನ್_ಕ್ಲಿಯರ್

ಈ ಅನುಮಾನ ಪತ್ರದಲ್ಲೇ ತೀರಿಸಿಕೊಳ್ಳಬಹುದು. "ಯಾವುದಾದರೂ ದಾಖಲೆ ಬಾಕಿ ಇದ್ದರೆ ಅದರ ಹೆಸರು ತಿಳಿಸಿ" ಅಂತ ಒಂದು ಸಾಲು ಸಾಕು. ನೀವಾಗಿ "ವಾಸಯೋಗ್ಯ ಪ್ರಮಾಣಪತ್ರ ಬೇಕಾ?" ಅಂತ ಹೆಸರು ಹಿಡಿದು ಕೇಳಬೇಡಿ. ಇಲ್ಲದ ತಕರಾರನ್ನು ನೀವೇ ಕೈಗೆ ಕೊಟ್ಟ ಹಾಗಾಗುತ್ತೆ.

ಸಿಮೆಂಟು_ಮರಳು

ಇದನ್ನ ನಾನು ಒಪ್ಪಲ್ಲ ಸರ್. ನಾಳೆ ಬರುವ ತಕರಾರು ಇವತ್ತೇ ಬರಲಿ. ಮುಚ್ಚಿಟ್ಟುಕೊಂಡು ಏನು ಮಾಡೋದು?

ಲೈನ್_ಕ್ಲಿಯರ್

ಮುಚ್ಚಿಡೋ ಮಾತಲ್ಲ. ಕೇಳಬೇಕಾದ ಹೊಣೆ ಅವರದ್ದು, ಅದನ್ನು ಅವರೇ ಬರೆದು ಕೇಳಲಿ ಅಂತ ಅಷ್ಟೇ. ಬೇರೆಯವರಿಗೆ ಬೇರೆ ಅನಿಸಬಹುದು.

ಮಾಳಿಗೆ_ಮಂಜು

ನಮ್ಮದು ಬೇರೆ ಕಥೆ. ಪರಿಶೀಲನೆಗೆ ಬಂದವರು ಮೊದಲ ಮಹಡಿಯ ಬಾಲ್ಕನಿ ನೋಡಿ ಸುಮ್ಮನೆ ಹೋದರು. ಪಕ್ಕದಲ್ಲೇ 11 ಕೆವಿ ಲೈನ್ ಹೋಗುತ್ತೆ. ಆ ಲೈನಿಗೂ ಕಟ್ಟಡಕ್ಕೂ ಅಡ್ಡಕ್ಕೆ ಕನಿಷ್ಠ 1.2 ಮೀಟರ್ ಇರಬೇಕಂತೆ. ನಮ್ಮ ಬಾಲ್ಕನಿಯ ತುದಿಯಿಂದ ಒಂದು ಮೀಟರೂ ಇಲ್ಲ. ಮೇಸ್ತ್ರಿ ನಕ್ಷೆಯಲ್ಲಿ ಇಲ್ಲದ ಬಾಲ್ಕನಿ ಹಾಕಿದ್ದ. ಸುಮ್ನೆ ಅಲೆದದ್ದೇ ಬಂತು, ಕೊನೆಗೆ ಪರಿಶೀಲನಾ ವರದಿಯ ಪ್ರತಿ ಆರ್‌ಟಿಐನಲ್ಲಿ ತೆಗೆಸಿದ ಮೇಲೇ ಕಾರಣ ಗೊತ್ತಾಗಿದ್ದು. "ಅಂತರ ಕಡಿಮೆ" ಅಂತ ಒಂದೇ ಸಾಲು. ಇದನ್ನ ಅವತ್ತೇ ಬಾಯಲ್ಲಿ ಹೇಳೋಕೆ ಏನಾಗಿತ್ತು?

ಬಿಸಿ_ಮಾತು

ಆಮೇಲೆ? ಬಾಲ್ಕನಿ ಒಡೆದ್ರಾ?

ಮಾಳಿಗೆ_ಮಂಜು

ತುದಿ ಕತ್ತರಿಸಿದೆವು. ಮೇಸ್ತ್ರಿ ಫೋನ್ ಎತ್ತೋದು ಬಿಟ್ಟ.

ಪದ್ಮಕ್ಕ

ಶಶಿ, ನಿಮ್ಮ ಮನೆ ಹತ್ತಿರ ದೊಡ್ಡ ಲೈನ್ ಏನಾದರೂ ಇದೆಯಾ? ಒಮ್ಮೆ ನೋಡಿಬಿಡಿ.

ಹೊಸಮನೆ_ಶಶಿ

ಇಲ್ಲ ಅಕ್ಕ. ಮನೆ ಕಡೆ ಬರೋದು ಮಾಮೂಲಿ ಲೈನ್ ಮಾತ್ರ. ಟ್ರಾನ್ಸ್‌ಫಾರ್ಮರ್ ಇರೋದು ಊರ ಮುಂದಿನ ಕಟ್ಟೆ ಹತ್ತಿರ.

ಲೈನ್_ಕ್ಲಿಯರ್

ಟ್ರಾನ್ಸ್‌ಫಾರ್ಮರ್ ಮೇಲೆ ಲೋಡ್ ಜಾಸ್ತಿ ಅಂತಲೂ ಹೇಳಬಹುದು. ಆದರೆ 3 ಕಿಲೋವ್ಯಾಟಿಗೆ ಆ ನೆಪ ಕಷ್ಟ. ಹೇಳಿದರೂ ಬರೆದು ಕೊಡಲಿ.

ನಾನೇ ಒಂದು ಕರಡು ಹಾಕುತ್ತೇನೆ. ಇದು ಎಇಇ ಅವರಿಗೆ ಹೋಗಬೇಕು, ಜೆಇಗೆ ಅಲ್ಲ. ಜೆಇಗೆ ಪ್ರತಿ ಸಾಕು. ಮುಖ್ಯಮಂತ್ರಿಗೆ ಬೇಡ. ಅಲ್ಲಿಂದ ಅದು ಸುತ್ತಿ ಸುತ್ತಿ ಇದೇ ಎಇಇ ಟೇಬಲ್ಲಿಗೆ ಬರುತ್ತೆ, ಅಷ್ಟರಲ್ಲಿ ಮಳೆಗಾಲ.

"ಗೆ,
ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್,
ಉಪವಿಭಾಗ ಕಚೇರಿ.

ಮಾನ್ಯರೇ,

ವಿಷಯ: ಸ್ಥಳ ಪರಿಶೀಲನೆಯ ನಂತರ ಬಾಕಿ ಇರುವ ಹೊಸ ಗೃಹ ವಿದ್ಯುತ್ ಸಂಪರ್ಕದ ಅರ್ಜಿ.
ಉಲ್ಲೇಖ: ನೋಂದಣಿ ಸಂಖ್ಯೆ ____, ದಿನಾಂಕ ಜನವರಿ 8.

ಮೇಲಿನ ಅರ್ಜಿಯಲ್ಲಿ 3 ಕಿಲೋವ್ಯಾಟ್ ಸಿಂಗಲ್ ಫೇಸ್ ಸಂಪರ್ಕ ಕೋರಿದ್ದೇನೆ. ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರ ವೈರಿಂಗ್ ವರದಿ, ಇ-ಸ್ವತ್ತು ಮತ್ತು ಕಟ್ಟಡ ಪರವಾನಗಿ ಸಲ್ಲಿಸಿದ್ದೇನೆ. ಜನವರಿ 19ರಂದು ಶಾಖಾ ಕಚೇರಿಯ ಜೆಇ ಅವರು ಸ್ಥಳ ಪರಿಶೀಲಿಸಿ, ಹತ್ತಿರದ ಕಂಬದಿಂದ ಮೀಟರ್ ಜಾಗದವರೆಗೆ 38 ಮೀಟರ್ ಎಂದು ನನ್ನ ಸಮ್ಮುಖದಲ್ಲಿ ಅಳೆದಿರುತ್ತಾರೆ. ಆ ನಂತರ ಯಾವುದೇ ನ್ಯೂನತೆ ತಿಳಿಸಿಲ್ಲ. ಕಟ್ಟಬೇಕಾದ ಮೊತ್ತವನ್ನೂ ತಿಳಿಸಿಲ್ಲ.

ಮೊತ್ತ ತಿಳಿಸಿದ ಕೂಡಲೆ ಪಾವತಿಸಲು ಸಿದ್ಧನಿದ್ದೇನೆ. ಮೊತ್ತ ತಿಳಿಸದ ಕಾರಣ ಪಾವತಿ ಬಾಕಿ ಇದೆಯೇ ಹೊರತು ನನ್ನಿಂದ ವಿಳಂಬವಾಗಿಲ್ಲ.

ಆದ್ದರಿಂದ ಪರಿಶೀಲನಾ ವರದಿ ಯಾವ ದಿನ ಸಲ್ಲಿಕೆಯಾಗಿದೆ, ಅದರಲ್ಲಿ ಹೆಚ್ಚುವರಿ ಕಂಬ ಅಥವಾ ಲೈನ್ ವಿಸ್ತರಣೆ ಬೇಕೆಂದು ಇದೆಯೇ, ಇದ್ದರೆ ಎಸ್ಟಿಮೇಟ್ ಯಾವ ಹಂತದಲ್ಲಿದೆ, ಯಾವುದಾದರೂ ದಾಖಲೆ ಬಾಕಿ ಇದೆಯೇ ಎಂಬುದನ್ನು ಲಿಖಿತವಾಗಿ ತಿಳಿಸಿ, ಪಾವತಿ ಸೂಚನೆ ನೀಡಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ"

ಸಹಿ ನಿಮ್ಮ ಅಪ್ಪನದ್ದೇ ಇರಬೇಕು, ಅರ್ಜಿ ಅವರ ಹೆಸರಲ್ಲಿ ತಾನೆ. ನೀವು ಸಹಿ ಹಾಕಿದರೆ "ಅರ್ಜಿದಾರರು ಬೇರೆ" ಅಂತ ಬದಿಗಿಡುತ್ತಾರೆ.

ಬಿಸಿ_ಮಾತು

ತೀರಾ ಸಪ್ಪೆ ಆಯ್ತಲ್ಲ ಸರ್. ಒಂದು ಬೆದರಿಕೆಯೂ ಇಲ್ಲ.

ಕಾನೂನು_ಕಟ್ಟೆ

ಇಲ್ಲ, ಇದರಲ್ಲಿ ಬೆದರಿಕೆ ಇದೆ, ಗಲಾಟೆ ಇಲ್ಲ ಅಷ್ಟೆ. "ನನ್ನಿಂದ ವಿಳಂಬವಾಗಿಲ್ಲ" ಅನ್ನೋ ಸಾಲು ಮುಂದೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯಲ್ಲಿ ಕೆಲಸಕ್ಕೆ ಬರುತ್ತೆ. ಆದರೆ ನಾನಾದರೆ ಇನ್ನೊಂದು ಸಾಲು ಸೇರಿಸುತ್ತೇನೆ. 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳ ಪ್ರಕಾರ 150 ಕಿಲೋವ್ಯಾಟ್ ತನಕದ ಸಂಪರ್ಕಕ್ಕೆ ಶುಲ್ಕ ಮೊದಲೇ ನಿಗದಿಯಾಗಿರಬೇಕು. ಪ್ರತಿ ಮನೆಗೂ ಹೋಗಿ ಅಳೆದು ಎಸ್ಟಿಮೇಟ್ ಹಾಕೋದು ತಪ್ಪಲಿ ಅಂತಲೇ ಆ ನಿಯಮ. ಮತ್ತೆ 2024ರ ತಿದ್ದುಪಡಿಯಲ್ಲಿ ಗಡುವು ಇಳಿಸಿದ್ದಾರೆ. ಮಹಾನಗರದಲ್ಲಿ 3 ದಿನ, ಬೇರೆ ಪಟ್ಟಣ ಪ್ರದೇಶದಲ್ಲಿ 7, ಹಳ್ಳಿಗಳಲ್ಲಿ 15. ಗುಡ್ಡಗಾಡಿನ ಹಳ್ಳಿಗಳಿಗೆ ಮಾತ್ರ 30.

ಲೈನ್_ಕ್ಲಿಯರ್

ಈ ಸಲ ನಿಮ್ಮ ಮಾತು ಸರಿ. 15 ದಿನದ್ದನ್ನು ಒಂದು ಸಾಲಿನಲ್ಲಿ ಹಾಕಿ. ಆದರೆ ಲೈನ್ ವಿಸ್ತರಿಸಬೇಕಾದ ಕಡೆ ಕಾಯ್ದೆಯೇ ಬೇರೆ ಅವಕಾಶ ಕೊಟ್ಟಿದೆ. ವಿಸ್ತರಣೆ ಆದ ಕೂಡಲೆ ಇಲ್ಲವೇ ಆಯೋಗ ಹೇಳಿದ ಅವಧಿಯಲ್ಲಿ ಕೊಡಬೇಕು ಅಂತ. ಒಂದು ಕಂಬ ಹಾಕಿದರೆ ಅದು ವಿಸ್ತರಣೆಯೇ ಅಂತ ಕಚೇರಿ ಹೇಳುತ್ತೆ. ಅದಕ್ಕೇ ಕಂಬದ ಪ್ರಶ್ನೆಗೆ ಲಿಖಿತ ಉತ್ತರ ಬೇಕು ಅಂದಿದ್ದು. ಉತ್ತರ ಬರದೆ ಯಾವ ಗಡುವು ಅಂತ ಹೇಳೋಕೆ ಆಗಲ್ಲ.

ಕಾನೂನು_ಕಟ್ಟೆ

ಒಂದು ಕಂಬ ವಿಸ್ತರಣೆ ಅಲ್ಲ. ಸರ್ವಿಸ್ ವೈರಿಗೆ ಆಸರೆ ಅಷ್ಟೆ. ಅದರ ಮೇಲೆ ಲೈನ್ ಎಳೆದು ನಾಳೆ ನಾಲ್ಕು ಮನೆಗೆ ಕೊಟ್ಟರೆ ಆಗ ವಿಸ್ತರಣೆ.

ಲೈನ್_ಕ್ಲಿಯರ್

ನಾಳೆ ನಾಲ್ಕು ಮನೆಗೆ ಕೊಟ್ಟೇ ಕೊಡುತ್ತಾರೆ, ನನ್ನ ಸರ್ವಿಸ್ ಪೂರ್ತಿ ಅದನ್ನೇ ಮಾಡಿದ್ದು 🙂

ಮಾಳಿಗೆ_ಮಂಜು

ಪತ್ರ ಕೊಡುವಾಗ ಎರಡು ಪ್ರತಿ ತಗೊಂಡು ಹೋಗಿ. ಒಂದರ ಮೇಲೆ ಟಪಾಲು ಗುಮಾಸ್ತರ ಹತ್ತಿರ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. "ಇಟ್ಟು ಹೋಗಿ, ಸಾಹೇಬರು ಬಂದ ಮೇಲೆ ಕೊಡ್ತೀನಿ" ಅಂದರೆ ಒಪ್ಪಬೇಡಿ. ಸೀಲು ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ.

ಹೊಸಮನೆ_ಶಶಿ

ಎಲ್ಲರಿಗೂ ಧನ್ಯವಾದ. ಅಪ್ಪನ ಸಹಿ ಹಾಕಿಸಿ, ಇನ್‌ವರ್ಡ್ ನಂಬರ್ ಬರೆಸಿಕೊಂಡು ಬಂದೆ. ಗುಮಾಸ್ತರು ಪತ್ರ ಪೂರ್ತಿ ಓದಿ, 38 ಮೀಟರ್ ಅಂತ ಇದ್ದ ಕಡೆ ಬೆರಳಿಟ್ಟು "ಇದು ನಿಮಗೆ ಹೆಂಗೆ ಗೊತ್ತು?" ಅಂದರು. ಟೇಪ್ ಹಿಡಿದವನು ನಾನೇ ಅಂದೆ. 1912 ದೂರಿನ ನಂಬರನ್ನೂ ಸೇರಿಸಿದ್ದೆ.

ಪದ್ಮಕ್ಕ

ಒಳ್ಳೇದಾಯ್ತು. ಏನಾದರೂ ಆದರೆ ಇಲ್ಲೇ ಬರೀ.

ಹೊಸಮನೆ_ಶಶಿ

ಉತ್ತರ ಬಂತು. ಲೈನ್_ಕ್ಲಿಯರ್ ಸರ್ ಹೇಳಿದ್ದೇ ನಿಜ. "ಒಂದು ಕಂಬ ಅವಶ್ಯವಿದ್ದು ಎಸ್ಟಿಮೇಟ್ ಮಂಜೂರಾತಿಯಲ್ಲಿದೆ, ಮಂಜೂರಾದ ನಂತರ ಪಾವತಿ ಸೂಚನೆ ನೀಡಲಾಗುವುದು" ಅಂತ ಇದೆ. ದಾಖಲೆ ಬಾಕಿ ಇದೆಯಾ ಅನ್ನೋದಕ್ಕೆ ಉತ್ತರ ಇಲ್ಲ. ಎಸ್ಟಿಮೇಟ್ ದಿನಾಂಕ ನೋಡಿದರೆ ನಾವು ಪತ್ರ ಕೊಟ್ಟ ಮಾರನೇ ದಿನದ್ದು!

ಬಿಸಿ_ಮಾತು

ಹಹಹ. ಅಲ್ಲಿ ತನಕ ಡೈರಿಯಲ್ಲೇ ಇತ್ತು ಅಂತಾಯ್ತು.

ಮಾಳಿಗೆ_ಮಂಜು

ಈ ಉತ್ತರ ಜೋಪಾನ. ಜನವರಿ 19ಕ್ಕೆ ಅಳತೆ, ಮಾರ್ಚ್ ಕೊನೆಗೆ ಎಸ್ಟಿಮೇಟ್ ಅಂತ ಅವರದ್ದೇ ಕಾಗದ ಹೇಳುತ್ತಿದೆ.

ಹೊಸಮನೆ_ಶಶಿ

ಕಂಬದ ದುಡ್ಡು ನಾವು ಕೊಡಬೇಕಾ? ಪಕ್ಕದ ಸೈಟಿನವರೂ ಮುಂದೆ ಅದೇ ಕಂಬದಿಂದ ತಗೋತಾರಲ್ಲ?

ಲೈನ್_ಕ್ಲಿಯರ್

ಲೈನ್ ಹಾಕಿದ್ದಕ್ಕೆ ಆಗುವ ನ್ಯಾಯವಾದ ಖರ್ಚನ್ನು ಗ್ರಾಹಕರಿಂದ ತಗೊಳ್ಳೋಕೆ ಆಯೋಗದ ಅನುಮತಿಯೊಂದಿಗೆ ಅವಕಾಶ ಇದೆ, ಕಲಂ 46. ಹಾಗಾಗಿ ಕೇಳಿದರೆ ಅಚ್ಚರಿ ಪಡಬೇಡಿ. ಆದರೆ ಒಟ್ಟು ಮೊತ್ತ ಮಾತ್ರ ಹೇಳಿದರೆ ಕಟ್ಟಬೇಡಿ. ಎಸ್ಟಿಮೇಟಿನ ವಿವರದ ಪ್ರತಿ ಕೇಳಿ. ಕಂಬ ಎಷ್ಟು, ವೈರ್ ಎಷ್ಟು ಮೀಟರ್, ಕೂಲಿ ಎಷ್ಟು ಅಂತ ಬೇರೆ ಬೇರೆ ಇರುತ್ತೆ. ವೈರ್ ಉದ್ದ 38ರ ಆಸುಪಾಸಿನಲ್ಲಿದೆಯಾ ಅಂತ ಮೊದಲು ನೋಡಿ. ನೂರು ಮೀಟರ್ ಅಂತ ಬರೆದಿದ್ದರೆ ಅಲ್ಲೇ ಹಿಡಿಯಿರಿ.

ಕಾನೂನು_ಕಟ್ಟೆ

ನಾನಂತೂ ಮೊದಲು ಪ್ರತಿಭಟಿಸಿ ಪತ್ರ ಕೊಡ್ತೀನಿ. ಶುಲ್ಕ ನಿಗದಿ ಇರಬೇಕು ಅನ್ನೋ ನಿಯಮ ಇರುವಾಗ ಕಂಬಕ್ಕೆ ಬೇರೆ ಎಸ್ಟಿಮೇಟ್ ಯಾಕೆ?

ಸಿಮೆಂಟು_ಮರಳು

ಪ್ರತಿಭಟನೆ ಮಾಡ್ತಾ ಕೂತರೆ ಗೃಹಪ್ರವೇಶ ಮುಂದಿನ ವರ್ಷ. ಕಟ್ಟಿ ರಸೀದಿ ಇಟ್ಟುಕೊಂಡು ಆಮೇಲೆ ವೇದಿಕೆಗೆ ಹೋಗಬಹುದು ಅಲ್ವಾ?

ಕಾನೂನು_ಕಟ್ಟೆ

ಕಟ್ಟಿದ ಮೇಲೆ ವಾಪಸ್ ಬಂದಿದ್ದು ಯಾರಾದರೂ ನೋಡಿದ್ದೀರಾ?

ಲೈನ್_ಕ್ಲಿಯರ್

ಬಂದಿದ್ದೂ ನೋಡಿದ್ದೇನೆ, ಬರದಿದ್ದೂ ನೋಡಿದ್ದೇನೆ. ಕಟ್ಟುವಾಗ "ಆಕ್ಷೇಪಣೆಯೊಂದಿಗೆ ಪಾವತಿಸಿದೆ" ಅಂತ ಪತ್ರ ಕೊಟ್ಟು ಅದಕ್ಕೂ ಇನ್‌ವರ್ಡ್ ಹಾಕಿಸಿದವರಿಗೆ ಕೇಳೋಕೆ ಆಧಾರ ಇತ್ತು. ಶಶಿ, ಎಸ್ಟಿಮೇಟ್ ಪ್ರತಿ ಸಿಕ್ಕಿದ ದಿನ ಹೆಸರು, ನಂಬರ್ ಮುಚ್ಚಿ ಇಲ್ಲಿ ಹಾಕಿ, ನೋಡೋಣ.

ಡೆಲ್ಟಾ_ಸ್ಟಾರ್

ಆ ಕಂಬ ಸ್ವಲ್ಪ ನಮ್ಮ ಕಡೆಗೂ ಹಾಕಿಸಿ, ವೋಲ್ಟೇಜ್ ಸರಿಯಾಗಬಹುದು.

ಪದ್ಮಕ್ಕ

ಕಂಬದಿಂದ ವೋಲ್ಟೇಜ್ ಬರಲ್ಲಪ್ಪ, ನೀನು ಬೇರೆ ಚರ್ಚೆ ಶುರು ಮಾಡು.